ವಿಭಾಗದ ವೆಚ್ಚಪಟ್ಟಿ: ಸೊನ್ನೆಯಿಂದಲೋ, ಹೋದ ವರ್ಷದಿಂದಲೋ?

ಪದವಿ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗಕ್ಕೆ, ಸಂಬಳದ ಬಾಬನ್ನು ಬಿಟ್ಟು, ಹೋದ ವರ್ಷ 4,00,000 ರೂಪಾಯಿ ಮಂಜೂರಾಗಿತ್ತೆಂದು ಭಾವಿಸೋಣ. ಅದರಲ್ಲಿ ರಾಸಾಯನಿಕಗಳಿಗೂ ಗಾಜಿನ ಸಾಮಗ್ರಿಗೂ 2,20,000, ಉಪಕರಣಗಳ ವಾರ್ಷಿಕ ನಿರ್ವಹಣೆಗೆ 70,000, ನಿಯತಕಾಲಿಕಗಳಿಗೆ 60,000, ವಿಚಾರಸಂಕಿರಣಕ್ಕೆ 50,000. ಈ ವರ್ಷ ಪ್ರಯೋಗದ ತಂಡಗಳು ಆರರಿಂದ ನಾಲ್ಕಕ್ಕೆ ಇಳಿದಿವೆ. ಹೋದ ವರ್ಷದ ಅಂಕಿಗೆ ಶೇಕಡಾ 8ರ ಏರಿಕೆ ಸೇರಿಸಿ 4,32,000 ಕೇಳುವುದು ಯುಕ್ತವೋ, ಅಥವಾ ಪ್ರತಿಯೊಂದು ವೆಚ್ಚವನ್ನೂ ಸೊನ್ನೆಯಿಂದ ಸಮರ್ಥಿಸಿಕೊಂಡು ಬರುವುದು ಯುಕ್ತವೋ? ಪ್ರಯೋಗಶಾಲೆಯ ಹೊಣೆ ಹೊತ್ತ ಅಧ್ಯಾಪಕರೊಬ್ಬರೂ, ಕಾಲೇಜಿನ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಅಧೀಕ್ಷಕರೊಬ್ಬರೂ ಇಲ್ಲಿ ತಮ್ಮ ತಮ್ಮ ಪಕ್ಷವನ್ನು ಮಂಡಿಸಿದ್ದಾರೆ.

ಪರ: ಸೊನ್ನೆಯಿಂದಲೇ ಆರಂಭವಾಗಲಿ

ಈ ಮಾತು ಅಧ್ಯಾಪಕರ ಸಭೆಯಲ್ಲಿ ಬಂದಾಗ ಭೌತಶಾಸ್ತ್ರದ ಮಿತ್ರರೊಬ್ಬರು, ಸೊನ್ನೆಯೆಂದರೆ ವಿಭಾಗಕ್ಕೆ ಹಣವೇ ಇಲ್ಲವೆಂದು ಬಗೆದು ಕಳವಳಗೊಂಡರು. ಸೊನ್ನೆಯಾಗಬೇಕಾದದ್ದು ಅನುದಾನವಲ್ಲ, ವಾದದ ಆರಂಭಬಿಂದು. ಹೋದ ವರ್ಷ ಖರ್ಚಾಯಿತೆಂಬುದೊಂದೇ ಈ ವರ್ಷ ಖರ್ಚು ಮಾಡಲು ಕಾರಣವಾಗಲಾರದೆಂಬುದಷ್ಟೇ ನನ್ನ ಪಕ್ಷ.

ಏರಿಕೆಯ ಪದ್ಧತಿಯಲ್ಲಿ ಏನಾಗುತ್ತದೆಂಬುದನ್ನು ಮೇಲಿನ ಲೆಕ್ಕದಲ್ಲಿಯೇ ನೋಡಬಹುದು. ತಂಡಗಳು ಮೂರನೆಯ ಒಂದು ಭಾಗ ಕಡಿಮೆಯಾಗಿದ್ದರೂ ರಾಸಾಯನಿಕಗಳ ಬಾಬು 2,37,600ಕ್ಕೆ ಏರುತ್ತದೆ. ಎರಡು ವರ್ಷದಿಂದ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿರುವ ಸ್ಪೆಕ್ಟ್ರೋಫೋಟೋಮೀಟರಿನ ನಿರ್ವಹಣೆಗೆ ತೆರುವ 25,000 ರೂಪಾಯಿ, ಯಾರೂ ಪ್ರಶ್ನಿಸದಿದ್ದ ಕಾರಣ, ಇನ್ನಷ್ಟು ಹಿಗ್ಗಿ ಮತ್ತೆ ಪಟ್ಟಿಗೆ ಬರುತ್ತದೆ. ಆದರೆ ಆಮ್ಲದ ಹೊಗೆಯನ್ನು ಹೊರಗೆಳೆಯುವ ಫ್ಯೂಮ್‌ಹುಡ್ಡಿನ ಫ್ಯಾನು ಕೆಟ್ಟು ಮಕ್ಕಳು ಕೆಮ್ಮುತ್ತಿದ್ದರೂ, ಹೋದ ವರ್ಷದ ಪಟ್ಟಿಯಲ್ಲಿ ಅದಕ್ಕೊಂದು ಶೀರ್ಷಿಕೆಯೇ ಇರಲಿಲ್ಲವಾದ್ದರಿಂದ, ಅದು ಸೊನ್ನೆಯ ಶೇಕಡಾ 8ರಷ್ಟು ಏರಿ ಸೊನ್ನೆಯಾಗಿಯೇ ಉಳಿಯುತ್ತದೆ. ಮಾರ್ಚ್ ತಿಂಗಳ ಚಾಳಿಯೂ ಈ ಪದ್ಧತಿಯ ಸಂತಾನವೇ. ಉಳಿಸಿದರೆ ಬರುವ ವರ್ಷದ ಬುನಾದಿ ಕುಸಿಯುತ್ತದೆಂಬ ಭಯದಿಂದ ಬೇಡದ ಬ್ಯೂರೆಟ್ಟುಗಳನ್ನು ಕೊಂಡು ಕಪಾಟಿನಲ್ಲಿ ಜೋಡಿಸುತ್ತೇವೆ.

ನಾನು ಸೂಚಿಸುವ ಕ್ರಮ ಕಠಿಣವಾದುದಲ್ಲ. ವಿಭಾಗದ ಕೆಲಸಗಳನ್ನು ಬಿಡಿಬಿಡಿಯಾದ ಕಟ್ಟುಗಳಾಗಿ ಮಾಡಿ, ಅದು ಇಲ್ಲದಿದ್ದರೆ ಯಾವ ನಷ್ಟ, ಅದನ್ನು ನಡೆಸಲು ಅಗ್ಗದ ದಾರಿ ಯಾವುದು ಎಂದು ಪ್ರತಿಯೊಂದಕ್ಕೂ ಬರೆದು, ಆಮೇಲೆ ಮುಖ್ಯತೆಯ ಕ್ರಮದಲ್ಲಿ ನಿಲ್ಲಿಸುವುದು. ನಾಲ್ಕು ತಂಡಗಳು ಪಠ್ಯದ ಪ್ರಯೋಗಗಳನ್ನು ಜೋಡಿಜೋಡಿಯಾಗಿ ಮಾಡಲು 1,50,000, ಫ್ಯಾನಿನ ದುರಸ್ತಿಗೂ ಆಮ್ಲತ್ಯಾಜ್ಯದ ವಿಲೇವಾರಿಗೂ 60,000, ನಡೆಯುತ್ತಿರುವ ಉಪಕರಣಗಳ ನಿರ್ವಹಣೆಗೆ 45,000, ಜೋಡಿಯ ಬದಲು ಪ್ರತಿ ವಿದ್ಯಾರ್ಥಿಯೂ ಸ್ವತಃ ಪ್ರಯೋಗ ಮಾಡುವಂತಾಗಲು ಇನ್ನೂ 50,000, ವಿಚಾರಸಂಕಿರಣಕ್ಕೆ 50,000. ಇಲ್ಲಿಗೆ 3,55,000 ಆಯಿತು. ನಿಯತಕಾಲಿಕಗಳ ಕಟ್ಟನ್ನು ಎರಡು ಮಟ್ಟಗಳಲ್ಲಿ ಬರೆದೆವೆನ್ನಿ; ಅತ್ಯವಶ್ಯವಾದವುಗಳಿಗೆ 40,000, ಮಿಕ್ಕವುಗಳಿಗೆ 20,000. ಆಡಳಿತ ಮಂಡಳಿ ಹೋದ ವರ್ಷದ 4,00,000ಕ್ಕೆ ಗೆರೆ ಎಳೆದರೂ ಮೊದಲ ಮಟ್ಟ ಗೆರೆಯೊಳಗೆ ಬಂದು 3,95,000ಕ್ಕೆ ನಿಲ್ಲುತ್ತದೆ. ಏನನ್ನು ಬಿಟ್ಟೆವೆಂಬುದು, ಏಕೆ ಬಿಟ್ಟೆವೆಂಬುದು ಎಲ್ಲರಿಗೂ ಕಾಣುತ್ತದೆ. ಶೂನ್ಯಾಧಾರಿತ ಪದ್ಧತಿ ಕಾಲಿಟ್ಟೆಡೆಯಲ್ಲೆಲ್ಲ ಹಣ ಉಳಿದಿದೆಯೆಂಬುದೂ ನನ್ನ ನಂಬಿಕೆ.

ವಿರೋಧ: ಹೋದ ವರ್ಷವೆಂಬುದು ಕುರುಡು ಅಭ್ಯಾಸವಲ್ಲ

ಕೆಟ್ಟ ಫ್ಯಾನಿನ ವಿಷಯದಲ್ಲಿ ಅಧ್ಯಾಪಕರು ಹೇಳಿದುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಹಳೆಯ ಅಂಕಿಗೆ ಶೇಕಡಾವಾರು ಸೇರಿಸುತ್ತ ಹೋಗುವ ಪಟ್ಟಿಗೆ ಹೊಸ ಅಗತ್ಯ ಕಾಣಿಸುವುದಿಲ್ಲ. ಆದರೆ ಎಲ್ಲೆಡೆಯೂ ಹಣ ಉಳಿಯಿತೆಂಬ ಅವರ ನಂಬಿಕೆಗೆ ಚರಿತ್ರೆಯ ಸಮರ್ಥನೆಯಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ತಾವು ನಡೆಸಿದ ಈ ಕ್ರಮವನ್ನು ಪೀಟರ್ ಪೈರ್ ಅವರು 1970ರಲ್ಲಿ ಲೇಖನವಾಗಿ ಪ್ರಕಟಿಸಿದರು. ಅದನ್ನು ಓದಿದ ಜಾರ್ಜಿಯಾದ ಗವರ್ನರ್ ಜಿಮ್ಮಿ ಕಾರ್ಟರ್ ತಮ್ಮ ರಾಜ್ಯಕ್ಕೆ ತಂದು, ಮುಂದೆ ಅಧ್ಯಕ್ಷರಾದ ಮೇಲೆ ಅಮೆರಿಕದ ಕೇಂದ್ರ ಸರ್ಕಾರಕ್ಕೂ ವಿಧಿಸಿದರು. 1981ರಲ್ಲಿ ರೇಗನ್ ಸರ್ಕಾರ ಅದನ್ನು ಕೈಬಿಟ್ಟಿತು. ಅದಕ್ಕೂ ಮೊದಲು, 1962ರಲ್ಲಿ, ಅಲ್ಲಿನ ಕೃಷಿ ಇಲಾಖೆ ಇಂಥದೇ ಪ್ರಯತ್ನ ಮಾಡಿದುದನ್ನು ವಿಲ್ಡಾವ್ಸ್ಕಿ ಮತ್ತು ಹ್ಯಾಮಂಡ್ ಎಂಬ ವಿದ್ವಾಂಸರು ಪರಿಶೀಲಿಸಿ, ಶ್ರಮವೇನೋ ಅಪಾರ, ಹಂಚಿಕೆಯಲ್ಲಿ ಆದ ಬದಲಾವಣೆ ಮಾತ್ರ ಅತ್ಯಲ್ಪವೆಂದು ಕಂಡುಕೊಂಡರು.

ಕಾಲೇಜಿನಲ್ಲಿ ಈ ಶ್ರಮ ಬೀಳುವ ಕಾಲವನ್ನೂ ನೋಡಬೇಕು. ವೆಚ್ಚಪಟ್ಟಿಯನ್ನು ಫೆಬ್ರವರಿಯಲ್ಲಿ ಕೇಳುತ್ತಾರೆ. ಪ್ರವೇಶ ಮುಗಿಯುವುದು ಪರೀಕ್ಷೆಗಳೂ ಫಲಿತಾಂಶಗಳೂ ಕಳೆದು ಜುಲೈ, ಆಗಸ್ಟಿನ ಹೊತ್ತಿಗೆ. ಹೀಗಿರುವಾಗ ಬರುವ ವರ್ಷ ನಾಲ್ಕೇ ತಂಡಗಳೆಂದು ಅಧ್ಯಾಪಕರು ಬರೆದ ಅಂಕಿ ಎಲ್ಲಿಂದ ಬಂದಿತು? ಈ ವರ್ಷದ ತಂಡಗಳನ್ನು ಎಣಿಸಿ ಬಂದಿತು. ಸೊನ್ನೆಯಿಂದ ಆರಂಭಿಸಿದೆನೆಂದವರೂ ಹಳೆಯ ವರ್ಷದ ಹೆಗಲ ಮೇಲೆಯೇ ನಿಂತಿದ್ದಾರೆ. ಆರು ತಂಡಗಳು ಸೇರಿದರೆ 1,50,000 ರೂಪಾಯಿಯ ರಾಸಾಯನಿಕಗಳು ಡಿಸೆಂಬರಿಗೇ ಮುಗಿದು, ನಡುವರ್ಷದ ತುರ್ತು ಖರೀದಿಗೆ ಹೆಚ್ಚಿನ ದರ ತೆರಬೇಕಾಗುತ್ತದೆ.

ಮುಖ್ಯತೆಯ ಕ್ರಮವನ್ನು ನಿರ್ಧರಿಸುವವರಾರೆಂಬುದು ನನ್ನ ದೊಡ್ಡ ಶಂಕೆ. ನಾನು ಸೇವೆಯಲ್ಲಿದ್ದಾಗ ಒಬ್ಬ ಮುಖ್ಯಸ್ಥರು ವಿಚಾರಸಂಕಿರಣವನ್ನು ಪಟ್ಟಿಯ ಮೇಲ್ಭಾಗದಲ್ಲಿಯೂ, ಪ್ರಾಯೋಗಿಕ ಪರೀಕ್ಷೆಯ ಸಾಮಗ್ರಿಯನ್ನು ಕಟ್ಟಕಡೆಯಲ್ಲಿಯೂ ಇಟ್ಟು ತಂದರು. ಪರೀಕ್ಷೆಯನ್ನು ನಿಲ್ಲಿಸುವ ಧೈರ್ಯ ಯಾವ ಆಡಳಿತ ಮಂಡಳಿಗೂ ಇಲ್ಲವೆಂಬುದನ್ನು ಬಲ್ಲವರಾದ್ದರಿಂದ, ಗೆರೆ ತಾನಾಗಿ ಕೆಳಗಿಳಿಯುವಂತೆ ಮಾಡಿದರು. ಕೊನೆಯಲ್ಲಿರುವ ಕಟ್ಟು ಅತ್ಯಗತ್ಯವಾದುದಾಗಿದ್ದರೆ, ಅಲ್ಲಿ ಇಂಥ ಆಟ ನಡೆದಿದೆಯೆಂದು ತಿಳಿಯಬಹುದು. ನಮ್ಮ ಗ್ರಂಥಪಾಲಕಿಯವರು ತಮ್ಮದೇ ನೋವನ್ನು ಹೇಳಿಕೊಂಡರು: ನಿಯತಕಾಲಿಕದ ಚಂದಾ ಒಂದು ವರ್ಷ ತಪ್ಪಿದರೆ ಸಂಪುಟದ ನಡುವೆ ಬಿದ್ದ ಕಂದರವನ್ನು ಮುಚ್ಚುವುದು ಬಹುಕಷ್ಟ, ಕೆಮ್ಮುವ ವಿದ್ಯಾರ್ಥಿಯ ದೂರು ಕೇಳಿಸುತ್ತದೆ, ಓದಲು ಸಿಗದ ಸಂಚಿಕೆಯ ದೂರು ಯಾರಿಗೂ ಕೇಳಿಸುವುದಿಲ್ಲ. ವರ್ಷಾನುವರ್ಷ ನಡೆಯಬೇಕಾದ ವೆಚ್ಚಗಳಿಗೆ ಹೋದ ವರ್ಷದ ಅಂಕಿಯೇ ರಕ್ಷೆ.

ಮಾರ್ಚ್ ತಿಂಗಳ ಚಾಳಿಗೂ ಬೇರೆ ಮದ್ದುಂಟು. ಉಳಿದ ಹಣದಲ್ಲಿ ಒಂದು ಪಾಲನ್ನು ವಿಭಾಗವೇ ಮುಂದಿನ ವರ್ಷಕ್ಕೆ ಒಯ್ಯಬಹುದೆಂದು ಕಾಲೇಜು ನಿಯಮ ಮಾಡಿದರೆ ಬ್ಯೂರೆಟ್ಟುಗಳ ರಾಶಿ ತಾನಾಗಿ ನಿಲ್ಲುತ್ತದೆ. ಸರ್ಕಾರದಿಂದ ಬಂದ ಅನುದಾನಕ್ಕೆ ಮಾತ್ರ ಈ ಸ್ವಾತಂತ್ರ್ಯ ಅನ್ವಯಿಸದು.

ಕಡೆಯ ಮಾತು

ಮುಖ್ಯತೆಯ ಕ್ರಮವನ್ನು ವಿಭಾಗದ ಸಭೆ ನಿರ್ಧರಿಸಬೇಕೆಂದು ಅಧ್ಯಾಪಕರೂ, ಪ್ರಾಂಶುಪಾಲರು ನಿರ್ಧರಿಸಬೇಕೆಂದು ಅಧೀಕ್ಷಕರೂ ಹಿಡಿದ ಹಟ ಬಗೆಹರಿದಿಲ್ಲ. ಆದರೂ ಒಂದು ಮಾತಿನಲ್ಲಿ ಇಬ್ಬರೂ ಕೂಡಿದರು: ಎಲ್ಲವನ್ನೂ ಒಮ್ಮೆಗೇ ಸೊನ್ನೆಗಿಳಿಸದೆ, ವರ್ಷಕ್ಕೊಂದು ಶೀರ್ಷಿಕೆಯನ್ನು ಬುಡದಿಂದ ಪರೀಕ್ಷಿಸುವುದು, ಉಳಿದವನ್ನು ಹೋದ ವರ್ಷದ ಅಂಕಿಯಂತೆ ನಡೆಸಿ, ತಂಡಗಳ ಸಂಖ್ಯೆ ತಿಳಿದ ಮೇಲೆ ಆಗಸ್ಟಿನಲ್ಲಿ ತಿದ್ದುವುದು. ನಮ್ಮ ತೀರ್ಪೂ ಅದೇ. ಪ್ರಸಕ್ತ ವರ್ಷ ಮೊದಲು ಪರೀಕ್ಷಿಸತಕ್ಕದ್ದು ಉಪಕರಣಗಳ ನಿರ್ವಹಣೆಯ ಶೀರ್ಷಿಕೆ. ಅಲ್ಲಿ ಉಳಿಯುವ 25,000 ರೂಪಾಯಿ ಫ್ಯಾನಿನ ದುರಸ್ತಿಗೆ ಸಲ್ಲಬೇಕು, ಮಿಕ್ಕ ಹಣವನ್ನು ಮಂಡಳಿ ಪ್ರತ್ಯೇಕವಾಗಿ ಮಂಜೂರು ಮಾಡಬೇಕು.