ಕೇಳದೆ ತೀರ್ಮಾನಿಸುವ ಅಭ್ಯಾಸಕ್ಕೊಂದು ಪಾಠ

ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ನಿರ್ದೇಶಕರಿಗೆ, ಬೆಂಗಳೂರು

ಮಾನ್ಯರೆ,

ವಿಕಲಚೇತನರ ಜೀವನ ಮತ್ತು ಹಕ್ಕುಗಳ ಕುರಿತು ಶಾಲೆಯ ಹಂತದಲ್ಲಿಯೇ ತಿಳಿವಳಿಕೆ ಕೊಡತಕ್ಕದ್ದೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 39ನೆಯ ಪ್ರಕರಣವು ವಿಧಿಸಿದೆ. ಆ ವಿಧಿಯನ್ನು ಡಿಸೆಂಬರ್ 3ರ ಒಂದು ಭಾಷಣದಿಂದ ಪೂರೈಸಿಬಿಡದೆ, ಒಂಬತ್ತನೆಯ ತರಗತಿಯ ಮಕ್ಕಳಿಗೆ ನಲವತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಹೇಗೆ ಕಲಿಸಬಹುದೆಂಬುದರ ಒಂದು ಪಾಠಯೋಜನೆಯನ್ನು, ಕೊಲ್ಕತ್ತೆಯಲ್ಲಿ ನೆಲೆಸಿರುವ ಕನ್ನಡದ ಶಿಕ್ಷಕಿಯೊಬ್ಬಳಾಗಿ ತಮ್ಮ ಪರಿಶೀಲನೆಗೆ ಒಪ್ಪಿಸುತ್ತಿದ್ದೇನೆ. ಈ ಯೋಜನೆಗೆ ಆಧಾರವಾದ ಪ್ರಸಂಗ ಇದೇ ನಗರದಲ್ಲಿ ನಡೆದದ್ದು.

2012ನೆಯ ಫೆಬ್ರವರಿ 19ರಂದು ಜೀಜಾ ಘೋಷ್ ಎಂಬ ವಿದುಷಿ, ಗೋವೆಯ ಸಮ್ಮೇಳನವೊಂದಕ್ಕೆ ಹೊರಟು, ಕೊಲ್ಕತ್ತೆಯ ವಿಮಾನ ನಿಲ್ದಾಣದಲ್ಲಿ ವಿಮಾನವನ್ನೇರಿ ತಮ್ಮ ಆಸನದಲ್ಲಿ ಕುಳಿತಿದ್ದರು. ಅವರು ಸೆರೆಬ್ರಲ್ ಪಾಲ್ಸಿಯೊಡನೆ ಜೀವಿಸುತ್ತಿರುವವರು. ಇಲ್ಲಿಯ ಭಾರತೀಯ ಸೆರೆಬ್ರಲ್ ಪಾಲ್ಸಿ ಸಂಸ್ಥೆಯಲ್ಲಿ ವಿಕಲಚೇತನರ ಹಕ್ಕುಗಳಿಗಾಗಿ ದುಡಿಯುತ್ತಿದ್ದವರು. ವಿಮಾನದ ಸಿಬ್ಬಂದಿ ಬಂದು ಬೋರ್ಡಿಂಗ್ ಪಾಸ್ ಕೇಳಿದರು, ಇವರು ಕೊಟ್ಟರು. ಅನಂತರ, ಗೋವೆಗೆ ತಲುಪಲೇಬೇಕಾಗಿದೆಯೆಂದು ಕಣ್ಣೀರಿಟ್ಟು ಹೇಳಿಕೊಂಡರೂ ಲಕ್ಷಿಸದೆ, ಅವರನ್ನು ಕೆಳಗಿಳಿಸಿದರು. ಆ ಆಘಾತದಿಂದ ಅವರಿಗೆ ಸಮ್ಮೇಳನಕ್ಕೆ ಹೋಗಲಾಗಲಿಲ್ಲ. 2016ನೆಯ ಮೇ 12ರಂದು ಸರ್ವೋಚ್ಚ ನ್ಯಾಯಾಲಯವು ಹತ್ತು ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿ ಕೊಟ್ಟ ತೀರ್ಪಿನಲ್ಲಿ ಶಿಕ್ಷಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಪ್ರಯಾಣಿಕಳ ಬಾಯಿಯ ಅಂಚಿನಲ್ಲಿ ರಕ್ತವೋ ನೊರೆಯೋ ಕಾಣಿಸಿತೆಂಬುದು ವಿಮಾನ ಸಂಸ್ಥೆಯ ವಾದ. ಅದನ್ನು ಜೀಜಾ ಘೋಷರು ದೃಢವಾಗಿ ನಿರಾಕರಿಸಿದರು. ಒಂದು ವೇಳೆ ಅದು ನಿಜವೆಂದೇ ಭಾವಿಸಿದರೂ, ಕಾರಣವೇನೆಂದು ಯಾರೊಬ್ಬರೂ ಆಕೆಯನ್ನು ಕೇಳಲಿಲ್ಲ, ವೈದ್ಯರನ್ನೂ ಕರೆಸಲಿಲ್ಲ ಎಂದು ನ್ಯಾಯಾಲಯವು ಎತ್ತಿ ತೋರಿಸಿತು.

ಸಭ್ಯತೆಯೆಂದರೆ ಕೇಳದಿರುವುದು, ನೋಡದಿರುವುದು, ಸುಮ್ಮನಿರುವುದು ಎಂದು ನಾವು ಮಕ್ಕಳಿಗೆ ಸಾಮಾನ್ಯವಾಗಿ ಬೋಧಿಸುತ್ತೇವೆ. ಕೊಲ್ಕತ್ತೆಯ ಈ ಪ್ರಸಂಗದಲ್ಲಾದರೋ ಅನ್ಯಾಯವು ಜರುಗಿದ್ದು ಅತಿಯಾದ ಕುತೂಹಲದಿಂದಲ್ಲ; ಕೇಳಬೇಕಾದ ಒಂದು ಪ್ರಶ್ನೆಯನ್ನು, ಉತ್ತರಿಸಬಲ್ಲ ವ್ಯಕ್ತಿಯು ಎದುರಿನಲ್ಲಿಯೇ ಇರುವಾಗ, ಕೇಳದೆ ತೀರ್ಮಾನಕ್ಕೆ ಬಂದುದರಿಂದ. ಆದುದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮೌನವನ್ನಲ್ಲ, ಪ್ರಶ್ನೆಗಳಲ್ಲಿ ವಿವೇಚನೆಯನ್ನು ಕಲಿಸಬೇಕು.

ಮೊದಲನೆಯ ಅವಧಿಯಲ್ಲಿ ಉಪಾಧ್ಯಾಯರು ಈ ಪ್ರಸಂಗವನ್ನು ತೀರ್ಪಿನವರೆಗೆ ಹೇಳದೆ, ಸಿಬ್ಬಂದಿಯು ಆಸನದ ಬಳಿಗೆ ಬಂದ ಕ್ಷಣದಲ್ಲಿಯೇ ನಿಲ್ಲಿಸಿ, ಅವರ ಸ್ಥಾನದಲ್ಲಿದ್ದರೆ ಮೊದಲು ಯಾವ ವಾಕ್ಯವನ್ನಾಡುತ್ತಿದ್ದಿರಿ, ಯಾರನ್ನು ಉದ್ದೇಶಿಸಿ ಆಡುತ್ತಿದ್ದಿರಿ ಎಂದು ಪ್ರತಿಯೊಬ್ಬರಿಂದಲೂ ಬರೆಯಿಸತಕ್ಕದ್ದು. ಪಕ್ಕದ ಪ್ರಯಾಣಿಕರನ್ನು ವಿಚಾರಿಸುವೆನೆಂದು ಕೆಲವರು, ಮೇಲಧಿಕಾರಿಗೆ ತಿಳಿಸುವೆನೆಂದು ಕೆಲವರು ಬರೆದಾರು. ಆ ಉತ್ತರಗಳನ್ನು ಖಂಡಿಸದೆ ಹಲಗೆಯ ಮೇಲೆ ಬರೆದು, ಅನಂತರ ನ್ಯಾಯಾಲಯದ ಮಾತನ್ನು ತಿಳಿಸಿದರೆ, ತಮ್ಮ ವಾಕ್ಯವು ಯಾರ ಕಡೆಗೆ ತಿರುಗಿತ್ತೆಂಬುದನ್ನು ಅವರು ತಾವೇ ಕಾಣುತ್ತಾರೆ.

ಎರಡನೆಯ ಅವಧಿಯು ಈ ಪಾಠದ ಹೃದಯ. ವಿಕಲಚೇತನರನ್ನು ಕುರಿತು ತಮಗಿರುವ ಪ್ರಶ್ನೆಗಳನ್ನು ಮಕ್ಕಳು ಹೆಸರು ಹಾಕದ ಚೀಟಿಗಳಲ್ಲಿ ಬರೆದು ಒಂದು ಪೆಟ್ಟಿಗೆಗೆ ಹಾಕಲಿ. ಉಪಾಧ್ಯಾಯರು ಮೊದಲು ತಾವೊಬ್ಬರೇ ಓದಿ, ತರಗತಿಯ ಯಾವುದೇ ಮಗುವನ್ನು ಬೊಟ್ಟುಮಾಡುವ ಚೀಟಿಗಳನ್ನು ತೆಗೆದಿಟ್ಟು, ಉಳಿದವನ್ನು ಮೂರು ರಾಶಿಗಳಾಗಿ ವಿಂಗಡಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಲಿ. ಮೊದಲನೆಯ ರಾಶಿ, ಈಗ ಕೂಡಿ ಮಾಡಬೇಕಾದ ಕಾರ್ಯಕ್ಕೆ ಬೇಕಾದ ಪ್ರಶ್ನೆಗಳದು: ಸಹಾಯ ಬೇಕೇ, ಯಾವ ಬಗೆಯದು, ನಾನು ಯಾವ ಪಕ್ಕದಲ್ಲಿ ನಿಲ್ಲಲಿ ಎಂಬಂಥವು. ಇವನ್ನು ಅಪರಿಚಿತರೂ ಕೇಳಬಹುದು. ಬೇಡವೆಂಬ ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಎರಡನೆಯದು ಸ್ನೇಹಕ್ಕೆ ಮಾತ್ರ ಸಲ್ಲುವ ಪ್ರಶ್ನೆಗಳದು: ಜನರು ದಿಟ್ಟಿಸಿ ನೋಡಿದಾಗ ಏನನ್ನಿಸುತ್ತದೆ ಎಂಬಂಥವು, ಇಲ್ಲಿ ಉತ್ತರಿಸದಿರುವ ಸ್ವಾತಂತ್ರ್ಯವನ್ನು ಮೊದಲೇ ಮಾತಿನಲ್ಲಿ ಕೊಟ್ಟಿರಬೇಕು. ಮೂರನೆಯದು ವ್ಯಕ್ತಿಯನ್ನು ಕೇಳದೆ ಪುಸ್ತಕವನ್ನು ಕೇಳಬೇಕಾದ ಪ್ರಶ್ನೆಗಳದು: ಇದು ಅಂಟುವುದೇ, ಏಕೆ ಬರುತ್ತದೆ, ಬುದ್ಧಿಗೆ ಕುಂದುಂಟೇ?

ಈ ಮೂರನೆಯ ರಾಶಿಗೆ ಉತ್ತರಿಸುವ ಹೊಣೆ ಉಪಾಧ್ಯಾಯರದು. ಅವರು ಉತ್ತರಿಸದಿದ್ದರೆ ಆ ಭಾರವು ವಿಕಲಚೇತನ ಸಹಪಾಠಿಯ ಮೇಲೆ ಬೀಳುತ್ತದೆ. ಸೆರೆಬ್ರಲ್ ಪಾಲ್ಸಿಯು ಜನನಕ್ಕೆ ಮೊದಲು, ಜನನಕಾಲದಲ್ಲಿ ಅಥವಾ ಶೈಶವದಲ್ಲಿ ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯ ಫಲ, ಅದು ಅಂಟುವುದಿಲ್ಲ, ಸ್ನಾಯುಗಳ ನಿಯಂತ್ರಣವನ್ನು ಅದು ಬಾಧಿಸುವುದರಿಂದ ನಡಿಗೆ, ಮಾತು, ಜೊಲ್ಲು ನುಂಗುವ ಕ್ರಿಯೆ ಇವು ಕೆಲವರಿಗೆ ಕಷ್ಟವಾಗುತ್ತವೆ, ಮಾತಿನ ಅಸ್ಪಷ್ಟತೆಯಿಂದ ಬುದ್ಧಿಯನ್ನು ಅಳೆಯಲು ಬಾರದು. ಇಷ್ಟನ್ನು ಸರಳವಾಗಿ ಹೇಳಿದರೆ, ನಿನಗೆ ಏನಾಗಿದೆಯೆಂದು ಯಾರನ್ನೂ ಅಡ್ಡಗಟ್ಟಿ ಕೇಳಬೇಕಾದ ಅಗತ್ಯವೇ ಬಹುಮಟ್ಟಿಗೆ ಕಳೆಯುತ್ತದೆ.

ಮೂರನೆಯ ಅವಧಿಯು ಅಭ್ಯಾಸಕ್ಕೆ ಮೀಸಲು. ಶಾಲೆಯ ಕ್ಯಾಂಟೀನಿಗೆ ಬಂದ ಹುಡುಗಿಯೊಬ್ಬಳು ನಿಧಾನವಾಗಿ, ಅಸ್ಪಷ್ಟವಾಗಿ ತನಗೆ ಬೇಕಾದುದನ್ನು ಹೇಳುತ್ತಿದ್ದಾಳೆ, ಪಕ್ಕದಲ್ಲಿ ತಾಯಿ ನಿಂತಿದ್ದಾರೆ ಎಂದಿಟ್ಟುಕೊಳ್ಳೋಣ. ಅಂಗಡಿಯವನ ಪಾತ್ರದ ಹುಡುಗನು ತಾಯಿಯತ್ತ ತಿರುಗದೆ ಹುಡುಗಿಯನ್ನೇ ನೋಡಬೇಕು, ಅವಳ ವಾಕ್ಯವನ್ನು ತಾನು ಮುಗಿಸಬಾರದು, ತಿಳಿಯದಿದ್ದರೆ ತಿಳಿದಂತೆ ತಲೆಯಾಡಿಸದೆ, “ಎರಡು ಇಡ್ಲಿ ಎಂಬುದು ತಿಳಿಯಿತು, ಆಮೇಲಿನದನ್ನು ಇನ್ನೊಮ್ಮೆ ಹೇಳುತ್ತೀಯಾ?” ಎಂದು, ತಿಳಿದಷ್ಟನ್ನು ಮರಳಿ ನುಡಿದು ಉಳಿದುದನ್ನು ಕೇಳಬೇಕು. ಹುಡುಗಿಯ ಪಾತ್ರಕ್ಕೆ ಯಾರೂ ತೊದಲುವ ಅಭಿನಯ ಮಾಡತಕ್ಕದ್ದಲ್ಲ. ಬರೆದಿಟ್ಟ ಮಾತನ್ನು ಪದಪದಗಳ ನಡುವೆ ತಡೆದು ಓದಿದರೆ ಸಾಕು.

ಇಂಥ ಅಭಿನಯವನ್ನು ಬಿಡಬೇಕೆಂದೇ, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ರೂಢಿಯ ಆಟವನ್ನೂ ಈ ಯೋಜನೆಯಲ್ಲಿ ಸೇರಿಸಿಲ್ಲ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಗೆ ಕುರುಡನ್ನು ನಟಿಸಿದವರು ಅಂಧರ ಸಾಮರ್ಥ್ಯವನ್ನು, ಹಾಗೆ ನಟಿಸದವರು ಎಣಿಸಿದುದಕ್ಕಿಂತ ಕಡಿಮೆಯೆಂದೇ ಎಣಿಸಿದರು; ಏಕೆಂದರೆ ಹತ್ತು ನಿಮಿಷದ ಕತ್ತಲೆಯು ಕಲಿಸುವುದು ಆರಂಭದ ಗಾಬರಿಯನ್ನೇ ಹೊರತು, ವರ್ಷಗಳ ಅಭ್ಯಾಸದಿಂದ ಬಂದ ನೈಪುಣ್ಯವನ್ನಲ್ಲ.

ಎರಡು ಎಚ್ಚರಿಕೆಗಳನ್ನು ಉಪಾಧ್ಯಾಯರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಮುದ್ರಿಸಬೇಕೆಂದು ಕೋರುತ್ತೇನೆ. ತರಗತಿಯಲ್ಲಿ ವಿಕಲಚೇತನ ವಿದ್ಯಾರ್ಥಿಯಿದ್ದರೆ, ಪಾಠಕ್ಕೆ ಮುಂಚಿತವಾಗಿ ಏಕಾಂತದಲ್ಲಿ ಅದರ ಸ್ವರೂಪವನ್ನು ತಿಳಿಸಿ, ಮಾತನಾಡುವುದೋ ಸುಮ್ಮನಿರುವುದೋ ಎಂಬ ಆಯ್ಕೆಯನ್ನು ಆ ಮಗುವಿಗೇ ಬಿಡಬೇಕು. ಆ ಮಗುವಿನ ರೋಗವಿವರವನ್ನು ಉಪಾಧ್ಯಾಯರು ಎಂದಿಗೂ ಹೇಳಬಾರದು. ಹೊರಗಿನಿಂದ ಅತಿಥಿಯನ್ನು ಕರೆದರೆ, ವಿಷಯವನ್ನು ಅವರೇ ಆರಿಸಲಿ, ಶಾಲೆಯು ಪ್ರಶ್ನೆಗಳನ್ನು ಮುಂಚೆಯೇ ಕಳುಹಿಸಲಿ, ಇತರ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಲಿ.

ಪಾಠವು ಫಲಿಸಿತೇ ಎಂಬುದನ್ನು ಅರಿಯಲು ಪ್ರಬಂಧ ಬರೆಯಿಸಿದರೆ ಅನುಕಂಪದ ವಾಕ್ಯಗಳಷ್ಟೇ ದೊರೆತಾವು. ಅದರ ಬದಲು, ತಿಂಗಳೊಂದು ಕಳೆದ ಮೇಲೆ ಹೊಸದೊಂದು ಸನ್ನಿವೇಶವನ್ನು ಕೊಟ್ಟು, ಮತ್ತೆ ಮೊದಲನೆಯ ವಾಕ್ಯವನ್ನು ಬರೆಯಿಸಿ, ಅದು ವ್ಯಕ್ತಿಯನ್ನೇ ಉದ್ದೇಶಿಸಿದೆಯೇ, ಬೇಡವೆನ್ನಲು ಅವಕಾಶವಿತ್ತಿದೆಯೇ ಎಂಬ ಎರಡನ್ನೇ ನೋಡತಕ್ಕದ್ದು. ಮೂರು ಅವಧಿಗಳ ಪಾಠವು ಶಾಲೆಯ ಇಳಿಜಾರು ದಾರಿಯ ಅಭಾವವನ್ನಾಗಲಿ, ವಿಶೇಷ ಶಿಕ್ಷಕರ ಕೊರತೆಯನ್ನಾಗಲಿ ನೀಗಲಾರದು. ಅವು ಆಡಳಿತದ ಕರ್ತವ್ಯಗಳಾಗಿ ಪ್ರತ್ಯೇಕವಾಗಿಯೇ ಉಳಿಯುತ್ತವೆ.

ಈ ಯೋಜನೆಯನ್ನು ಮುದ್ರಿಸುವುದಕ್ಕೆ ಮೊದಲು, ಕರ್ನಾಟಕದ ವಿಕಲಚೇತನ ಉಪಾಧ್ಯಾಯರ ಮತ್ತು ಪ್ರೌಢಶಾಲೆಯ ವಿಕಲಚೇತನ ವಿದ್ಯಾರ್ಥಿಗಳ ಮುಂದಿಟ್ಟು, ಅವರು ಸೂಚಿಸಿದ ತಿದ್ದುಪಡಿಗಳನ್ನು ಅಂಗೀಕರಿಸಿ, ಮುಂದಿನ ಶಿಕ್ಷಕರ ತರಬೇತಿಯಲ್ಲಿ ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ. ಅವರನ್ನು ಕೇಳದೆ ಅಚ್ಚಾದ ಕೈಪಿಡಿಯು ತಾನು ಬೋಧಿಸುವ ನಿಯಮವನ್ನು ತಾನೇ ಮುರಿದಂತಾದೀತು.

ಇತಿ ತಮ್ಮ ವಿಶ್ವಾಸಿ,
ಕೊಲ್ಕತ್ತೆಯ ಒಬ್ಬ ಕನ್ನಡ ಶಿಕ್ಷಕಿ