ಜೋರಾಗಿ ಬ್ರೇಕ್ ಒತ್ತಿದವರೆಲ್ಲ ಕೆಟ್ಟ ಡ್ರೈವರ್‌ಗಳೇ?

ಗಾಡಿಯಲ್ಲಿರುವ ಜಿಪಿಎಸ್ ಪೆಟ್ಟಿಗೆ ಡ್ರೈವರ್‌ಗೆ ಅಂಕ ಕೊಡುತ್ತದೆ, ಅಂಕ ಕಡಿಮೆ ಬಂದರೆ ಡ್ರೈವರ್ ಸರಿಯಿಲ್ಲ ಎನ್ನುವ ಮಾತು ಈಗ ಸಾಮಾನ್ಯ. ಇದು ಅರ್ಧ ಮಾತ್ರ ಸತ್ಯ.

ಪೆಟ್ಟಿಗೆಗೆ ರಸ್ತೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ವೇಗ ಎಷ್ಟು ಬೇಗ ಇಳಿಯಿತು ಎಂಬುದಷ್ಟೇ. ಸಾಫ್ಟ್‌ವೇರ್‌ನಲ್ಲಿ ಒಂದು ಮಿತಿ ಇಟ್ಟಿರುತ್ತಾರೆ. ಒಂದೇ ಸೆಕೆಂಡಿನಲ್ಲಿ ವೇಗ 40ರಿಂದ 28 ಕಿ.ಮೀ.ಗೆ, ಅಂದರೆ 12 ಕಿ.ಮೀ. ಇಳಿದರೆ 'ಹಾರ್ಷ್ ಬ್ರೇಕಿಂಗ್' ಎಂದು ದಾಖಲಾಗುತ್ತದೆ ಎಂದುಕೊಳ್ಳಿ. ಅಡ್ಡ ಬಂದ ಮಗುವನ್ನು ಉಳಿಸಲು ಒತ್ತಿದರೂ ಒಂದೇ, ಮೊಬೈಲ್ ನೋಡುತ್ತಾ ತಡವಾಗಿ ಒತ್ತಿದರೂ ಒಂದೇ.

ನಮ್ಮ ಕಡೆಯ ರಸ್ತೆಯಲ್ಲಿ ಇನ್ನೊಂದು ತೊಡಕಿದೆ. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಘಾಟಿ ನೆನಪಿಸಿಕೊಳ್ಳಿ. ಕೆಲವು ಪೆಟ್ಟಿಗೆಗಳು ಬ್ರೇಕನ್ನು ಅಳೆಯುವುದು ಒಳಗಿನ ಸೆನ್ಸರ್‌ನಿಂದ. ಗಾಡಿ ಇಳಿಜಾರಿನಲ್ಲಿ ಮುಂದಕ್ಕೆ ಬಾಗಿದಾಗ, ಆ ಬಾಗುವಿಕೆಯೂ ಸೆನ್ಸರ್‌ಗೆ ಬ್ರೇಕಿನಂತೆಯೇ ಕಾಣುತ್ತದೆ. 100 ಮೀಟರ್‌ಗೆ 8 ಮೀಟರ್ ಇಳಿಯುವ ಕಡೆ ಸೆಕೆಂಡಿಗೆ ಸುಮಾರು 3 ಕಿ.ಮೀ. ಸುಮ್ಮನೆ ಸೇರಿಕೊಳ್ಳುತ್ತದೆ. ಡ್ರೈವರ್ 9ರಷ್ಟು ಒತ್ತಿದ್ದು 12 ಎಂದು ದಾಖಲಾಗಿ ಮಿತಿ ಮುಟ್ಟುತ್ತದೆ! ಹತ್ತುವಾಗ ಇದೇ ಲೆಕ್ಕ ತಿರುಗುಮುರುಗು. ಜೋರಾದ ಬ್ರೇಕೂ ತಪ್ಪಿಸಿಕೊಳ್ಳಬಹುದು. ಇಳಿಜಾರನ್ನು ಕಳೆದು ಲೆಕ್ಕ ಹಾಕುವ ಪೆಟ್ಟಿಗೆಗಳೂ ಇವೆ. ನಿಮ್ಮದು ಯಾವುದು ಎಂದು ಮಾರಿದವರನ್ನೇ ಕೇಳಬೇಕು. ನೀವೇ ಪತ್ತೆ ಮಾಡುವುದೂ ಸುಲಭ: ದೂರುಗಳೆಲ್ಲ ಇಳಿಯುವಾಗಲೇ, ಅದೇ ತಿರುವುಗಳಲ್ಲೇ, ಎಲ್ಲ ಡ್ರೈವರ್‌ಗಳ ಹೆಸರಿನಲ್ಲೂ ಬರುತ್ತಿದ್ದರೆ ತಪ್ಪು ಡ್ರೈವರ್‌ಗಳದ್ದಲ್ಲ.

ಇನ್ನು ಅಂಕದ ಲೆಕ್ಕ. ಧನಗೆರೆಯಿಂದ ಕೊಳ್ಳೇಗಾಲಕ್ಕೆ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ದಿನಕ್ಕೆ 40 ಕಿ.ಮೀ. ಓಡಿ 2 ಬಾರಿ ಸಿಕ್ಕಿಬಿತ್ತು ಎನ್ನಿ. ಅದೇ ಮಾಲೀಕರ ಇನ್ನೊಂದು ಗಾಡಿ ಹೆದ್ದಾರಿಯಲ್ಲಿ 400 ಕಿ.ಮೀ. ಓಡಿ 4 ಬಾರಿ. 100 ಕಿ.ಮೀ.ಗೆ ಹಾಕಿದರೆ ವ್ಯಾನಿಗೆ 5, ಹೆದ್ದಾರಿ ಗಾಡಿಗೆ 1. ವ್ಯಾನಿನವರು ಐದು ಪಟ್ಟು ಕೆಟ್ಟವರೇ? ಊರೊಳಗಿನ ಹಂಪು, ದನ, ನಾಯಿ, ಸೈಕಲ್ ಎಲ್ಲ ಅವರ ಪಾಲಿಗೇ ಬಂದಿವೆ. ಹೋಲಿಸುವುದಾದರೆ ಅದೇ ರಸ್ತೆಯಲ್ಲಿ ಅದೇ ಬಗೆಯ ಗಾಡಿ ಓಡಿಸುವವರ ಜೊತೆ ಹೋಲಿಸಬೇಕು.

ಮೊದಲ ದಿನವೇ ಸಂಬಳಕ್ಕೆ ಅಂಕ ಜೋಡಿಸುವ ಮಾಲೀಕರ ಲೆಕ್ಕ ತಪ್ಪು ಎನ್ನುತ್ತೇವೆ. ದಂಡಕ್ಕೆ ಹೆದರಿದ ಡ್ರೈವರ್ ಒತ್ತಲೇಬೇಕಾದ ಬ್ರೇಕನ್ನೂ ಅರೆಮನಸ್ಸಿನಿಂದ ಒತ್ತಬಹುದು. ಪೆಟ್ಟಿಗೆ ಹಾಕುವ ಮುನ್ನ ಅದು ಏನನ್ನು ದಾಖಲಿಸುತ್ತದೆ, ಯಾರು ನೋಡುತ್ತಾರೆ ಎಂದು ಡ್ರೈವರ್‌ಗೆ ಕನ್ನಡದಲ್ಲೇ ಹೇಳಿ. ಮೊದಲ ತಿಂಗಳು ಅಂಕ ಬರೀ ನೋಡಲು ಇರಲಿ. ಅದರಲ್ಲೇ ಮಿತಿ ಸರಿಯಿದೆಯೇ ಎಂದು ತಿಳಿಯುತ್ತದೆ. ಪ್ರತಿ ದಾಖಲೆಯ ಜಾಗ, ಸಮಯ ಡ್ರೈವರ್ ಮೊಬೈಲಿಗೂ ಬರಲಿ. 'ಅಲ್ಲಿ ಎಮ್ಮೆ ಅಡ್ಡ ಬಂತು ಸಾರ್' ಎಂದರೆ ಅದನ್ನು ತೆಗೆದುಹಾಕುವ ದಾರಿ ಇರಲಿ. ಒಂದು ಬ್ರೇಕಿಗೆ ಯಾರನ್ನೂ ಬೈಯಬೇಡಿ. ಅದೇ ರಸ್ತೆಯ ಉಳಿದವರಿಗಿಂತ ಒಬ್ಬರದು ವಾರಗಟ್ಟಲೆ ಹೆಚ್ಚಿದ್ದರೆ, ಆಗ ಪಕ್ಕದಲ್ಲಿ ಕೂತು ಒಂದು ಟ್ರಿಪ್ ಹೋಗಿ ಬನ್ನಿ.