‘ಇತರೆ ಕೆಲಸ’ ಅನ್ನೋ ಎರಡು ಶಬ್ದದಾಗ ಜಾತಿ ಕುಂತೈತಿ



ನಾನೊಬ್ಬ ಗುಮಾಸ್ತ. ದಿನಾ ಆದೇಶ ಟೈಪ್ ಮಾಡೋದೇ ನನ್ನ ಕೆಲಸ. ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಕಸ ಗುಡಿಸೋ ಹೆಣ್ಣುಮಗಳೊಬ್ಬಳ ಜಾಬ್ ಚಾರ್ಟ್ ನಾನೇ ಟೈಪ್ ಮಾಡಿದ್ದೆ. ಇದ್ದದ್ದು ಒಂದೇ ವಾಕ್ಯ: “ಕಚೇರಿ ಹಾಗೂ ಆವರಣವನ್ನು ಸ್ವಚ್ಛವಾಗಿಡುವುದು, ವಿಧೇಯರಾಗಿರುವುದು ಹಾಗೂ ಅಧಿಕಾರಿಗಳು ಹೇಳುವ ಇತರೆ ಕೆಲಸಗಳನ್ನು ಮಾಡುವುದು.”

ಆ ‘ಇತರೆ’ ಏನಾತು ಗೊತ್ತೇನ್ರಿ? ಕಟ್ಟಿಕೊಂಡ ಪಾಯಖಾನೆಗೆ ಬರಿಗೈ ಹಾಕೋದಾತು. ಸಾಹೇಬರ ಮನಿ ಅಂಗಳ ಗುಡಿಸೋದಾತು. ಅದೇ ಕಚೇರಿಯ ಬೇರೆ ಜಾತಿಯ ಜವಾನನ ಚಾರ್ಟಿನಲ್ಲೂ ‘ಇತರೆ ಕೆಲಸ’ ಅಂತಲೇ ಇತ್ತು. ಅವನಿಗೆ ಅದು ಚಹಾ ತರೋದು, ಫೈಲ್ ಒಯ್ಯೋದು. ಶಬ್ದ ಒಂದೇ, ಅರ್ಥ ಎರಡು. ಆ ಅರ್ಥ ತುಂಬಿದ್ದು ಕಾಗದ ಅಲ್ಲ, ಜಾತಿ.

2010ರ ಜುಲೈನಲ್ಲಿ ನಮ್ಮ ಸವಣೂರಿನಲ್ಲಿ ಭಂಗಿ ಸಮುದಾಯದವರು ಎತ್ತಂಗಡಿ ವಿರೋಧಿಸಿ ಪುರಸಭೆ ಮುಂದ ಮಲ ಮೈಮೇಲೆ ಸುರಿದುಕೊಂಡರು. ಮಲ ಹೊರಿಸೋದು ತಪ್ಪು ಅಂತ 1993ರಲ್ಲೇ ಸಂಸತ್ತು ಕಾನೂನು ಮಾಡಿತ್ತು. ಆದ್ರೂ ತಲೆಮಾರಿನಿಂದ ಅದನ್ನ ಮಾಡಿದವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು. ಬರೆಯದ ಕೆಲಸಕ್ಕೆ ಊರೇ ಜಾಬ್ ಚಾರ್ಟ್ ಬರೀತದ.

ಹಾಂಗಾಗಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಪೌರಕಾರ್ಮಿಕ ಗೆಳೆಯರಿಗೆ ಹೇಳೋದು: ಸಂಬಳದ ಜೊತೆ ಜಾಬ್ ಚಾರ್ಟನ್ನೂ ಕೇಳ್ರಿ. ಅದರಲ್ಲಿ ನಾಲ್ಕು ಭಾಗ ಬೇರೆ ಬೇರೆ ಇರಲಿ.

ಒಂದು, ಕರ್ತವ್ಯ. ‘ಸ್ವಚ್ಛವಾಗಿಡುವುದು’ ಅಂತ ಬರೆದರೆ ಅದಕ್ಕೆ ಕೊನೆಯೇ ಇಲ್ಲ. ‘ಇಂಥ ಮೂರು ಓಣಿಯ ರಸ್ತೆ ಗುಡಿಸಿ, ಕಸ ಗಾಡಿಗೆ ಹಾಕುವುದು’ ಅಂತ ಬರೆದರೆ ಅದಕ್ಕೊಂದು ಗಡಿ ಐತಿ. ‘ಇತರೆ ಕೆಲಸ’ ಬೇಕೇ ಬೇಕು ಅಂದ್ರ, ‘ಇದೇ ಸ್ವರೂಪದ ಕೆಲಸ, ಲಿಖಿತ ಆದೇಶದ ಮೇಲೆ, ಇಷ್ಟೇ ದಿನ’ ಅಂತ ಬರೆಸ್ರಿ. ಮಾಡಬಾರದ್ದನ್ನೂ ಬರೆಸ್ರಿ: ಮಲ ಕೈಯಿಂದ ಎತ್ತುವುದಿಲ್ಲ, ಚರಂಡಿ ಗುಂಡಿ, ಸೆಪ್ಟಿಕ್ ಟ್ಯಾಂಕ್ ಒಳಗೆ ಇಳಿಯುವುದಿಲ್ಲ. ಇದು ಬೇಡಿಕೆ ಅಲ್ಲ, ಕಾನೂನು. ರಕ್ಷಣಾ ಸಾಧನ ಕೊಡದೆ ಇಳಿಸಿದವರಿಗೆ 2013ರ ಕಾಯ್ದೆಯಲ್ಲಿ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ ಐತಿ.

ಎರಡು, ಅರ್ಹತೆ. ಪ್ರತಿ ಅರ್ಹತೆಗೂ ಒಂದೇ ಪ್ರಶ್ನೆ ಕೇಳ್ರಿ: ಮೇಲಿನ ಯಾವ ಕರ್ತವ್ಯಕ್ಕೆ ಇದು ಬೇಕು? ಉತ್ತರ ಇಲ್ಲಾ ಅಂದ್ರ ಹೊಡೆದು ಹಾಕ್ರಿ. ಗಾಡಿ ಓಡಿಸೋನಿಗೆ ಲೈಸೆನ್ಸ್ ಬೇಕು, ಸರಿ. ಕಸಬರಿಗಿ ಹಿಡಿಯೋಳಿಗೆ ಎಸ್ಸೆಸ್ಸೆಲ್ಸಿ ಯಾಕ? ಜಾತಿ ಅರ್ಹತೆಯಾಗಿ ಕಾಗದದಲ್ಲಿ ಕಾಣೋದಿಲ್ಲ, ‘ಅನುಭವ ಉಳ್ಳವರು’ ಅನ್ನೋ ವೇಷದಲ್ಲಿ ಬರ್ತದ.

ಮೂರು, ಯಾರಿಗೆ ಉತ್ತರ ಕೊಡಬೇಕು. ಒಂದೇ ಹೆಸರಿನ ಹುದ್ದೆ ಇರಲಿ, ಉದಾಹರಣೆಗೆ ಆರೋಗ್ಯ ನಿರೀಕ್ಷಕರು. ಕೆಲಸ ಹೇಳೋರು, ಹಾಜರಿ ಹಾಕೋರು, ರಜೆ ಮಂಜೂರು ಮಾಡೋರು ಬೇರೆ ಬೇರೆ ಇದ್ರ ಅದನ್ನೂ ಬರೀಬೇಕು. ನಾ ಹೇಳಿದ ಹೆಣ್ಣುಮಗಳಿಗೆ ಐದು ಮಂದಿ ಸಾಹೇಬರಿದ್ದರು. ಒಬ್ಬರ ಕೆಲಸಕ್ಕೆ ಹೋದಾಗ ಇನ್ನೊಬ್ಬರು ‘ಗೈರುಹಾಜರಿ’ ಅಂತ ಬರೆದರು. ಅವರು ಹೇಳಿ ಕಳಿಸಿದ್ದಕ್ಕೆ ದಾಖಲೆ ಇರಲಿಲ್ಲ, ಗೈರಿಗೆ ಮಾತ್ರ ಇತ್ತು.

ನಾಲ್ಕು, ಕೆಲಸದ ಅಳತೆ. ಇದನ್ನ ಕರ್ತವ್ಯದೊಳಗೆ ಬೆರೆಸಬ್ಯಾಡ್ರಿ. ‘ವಿಧೇಯತೆ’ ಅಳತೆ ಅಲ್ಲ, ಅದು ತಲೆ ಬಗ್ಗಿಸೋ ಪರೀಕ್ಷೆ. ‘ಮೂರು ಓಣಿ ಬೆಳಿಗ್ಗೆ 10ರೊಳಗೆ ಗುಡಿಸಿರಬೇಕು’ ಅನ್ನೋದು ಅಳತೆ, ಯಾರು ಬೇಕಾದ್ರೂ ಹೋಗಿ ನೋಡಬಹುದು. ‘ಊರು ಸ್ವಚ್ಛ ಇರಬೇಕು’ ಅನ್ನೋದಲ್ಲ, ಯಾಕಂದ್ರ ಗುಡಿಸಿದ ಮ್ಯಾಲ ಕಸ ಒಗೆಯೋರು ಅವಳ ಕೈಯಾಗಿಲ್ಲ. ಜೊತೆಗೆ ಒಂದು ಸಾಲು: ಗ್ಲೌಸ್, ಬೂಟು, ತಳ್ಳುಗಾಡಿ ಕೊಡದ ದಿನ ಈ ಅಳತೆ ಲೆಕ್ಕಕ್ಕಿಲ್ಲ.

‘ಇಷ್ಟೆಲ್ಲಾ ಬರೆದರೆ ಕೆಲಸ ಮಾಡಿಸೋದು ಹ್ಯಾಂಗ್ರಿ?’ ಅಂತಾರ ಕೆಲವರು. ಅವರ ಸ್ವಂತ ಅಧಿಕಾರ ಎಲ್ಲಿವರೆಗೆ ಅಂತ ಪುಟಗಟ್ಟಲೆ ಬರೆದೈತಿ, ಅದಕ್ಕೆ ತಕರಾರಿಲ್ಲ. ತಳದವನ ಕೆಲಸಕ್ಕ ಗಡಿ ಹಾಕಿದ್ರ ಮಾತ್ರ ಆಡಳಿತ ನಿಂತು ಹೋಗ್ತದ!

ಕಾಗದ ಒಂದೇ ಜಾತಿ ಅಳಿಸೋದಿಲ್ಲ, ನನಗೂ ಗೊತ್ತು. ಆದ್ರ ಗುಂಡಿಗೆ ಇಳಿ ಅಂದವನಿಗೆ ‘ಬರೆದು ಕೊಡ್ರಿ ಸಾಹೇಬ್ರ’ ಅನ್ನೋ ಬಲ ಕೊಡ್ತದ. ಬಾಯಿಂದ ಹೇಳೋರು ಬಹಳ, ಸಹಿ ಮಾಡೋರು ಕಡಿಮಿ.

ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ನೌಕರರ ಕರ್ತವ್ಯಗಳನ್ನ ಕಚೇರಿಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲ ಅಂದ್ರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕ್ರಿ, ನಕಲು ತಗೋರಿ, ಕಾರ್ಮಿಕರ ಮುಂದ ಕನ್ನಡದಲ್ಲಿ ಗಟ್ಟಿಯಾಗಿ ಓದ್ರಿ. ‘ಇತರೆ’ ಬಂದ ಕಡೆ ನಿಲ್ಲಿಸಿ ಕೇಳ್ರಿ: ಇತರೆ ಅಂದ್ರ ಏನು? ಯಾರಿಗೆ?

ಅವತ್ತು ಆ ವಾಕ್ಯ ಟೈಪ್ ಮಾಡಿದ್ದು ನನ್ನ ಬೆರಳು. ಅದಕ್ಕೇ ಇದನ್ನೂ ನಾನೇ ಟೈಪ್ ಮಾಡಬೇಕಿತ್ತು.

ಜೈ ಭೀಮ್.